ಹಯಗ್ರೀವ: ಕುಕ್ಕರಿನ ಬೇಳೆಯೋ, ಪಾತ್ರೆಯ ಬೇಳೆಯೋ?

ಯತಿ ವಾದಿರಾಜರು ಕಡಲೆಬೇಳೆ, ಬೆಲ್ಲದ ಈ ಸಿಹಿಯ ಹರಿವಾಣವನ್ನು ತಲೆಯ ಮೇಲೆ ಇಟ್ಟುಕೊಂಡರೆ ಹಯಗ್ರೀವ ದೇವರು ಬಿಳಿ ಕುದುರೆಯಾಗಿ ಬಂದು ತಿನ್ನುತ್ತಿದ್ದರಂತೆ. ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ನಾನು ಮಾಡಿದ ಹಯಗ್ರೀವ ಮಾತ್ರ ವರ್ಷಗಟ್ಟಲೆ ಒಬ್ಬಟ್ಟಿನ ಹೂರಣದ ಹಾಗೆಯೇ ಆಗುತ್ತಿತ್ತು. ಸಿಹಿ ಸರಿ, ತುಪ್ಪ ಸರಿ, ಬಾಯಿಗೆ ಇಟ್ಟರೆ ಅಂಟು. ತಪ್ಪು ಎಲ್ಲಿ ಎಂದು ನೋಡಲು ಒಂದು ಭಾನುವಾರ ಒಂದೇ ಪೊಟ್ಟಣದ ಕಡಲೆಬೇಳೆಯನ್ನು ಎರಡು ಪಾಲು ಮಾಡಿ, ಎರಡು ರೀತಿಯಲ್ಲಿ ಬೇಯಿಸಿದೆ. ಒಂದೊಂದು ಪಾಲಿಗೂ 1 ಲೋಟ ಬೇಳೆ. ಎರಡನ್ನೂ 1 ಗಂಟೆ ನೆನೆಸಿದ್ದೆ.

ಮೊದಲ ಪಾಲು ಕುಕ್ಕರಿಗೆ ಹೋಯಿತು. 2 ಲೋಟ ನೀರು, 3 ಕೂಗು. ಮುಚ್ಚಳ ತೆಗೆದಾಗ ಮೇಲಿನ ಬೇಳೆ ಚೆನ್ನಾಗಿಯೇ ಕಂಡಿತು. ಸೌಟು ಹಾಕಿದ ಮೇಲೆ ಗೊತ್ತಾಯಿತು, ಅಡಿಯಲ್ಲಿದ್ದದ್ದು ಕರಗಿ ನೀರಿಗೇ ಸೇರಿಬಿಟ್ಟಿದೆ. ಬಸಿದರೆ ನೀರಿನ ಬದಲು ಗಂಜಿ ಇಳಿಯಿತು. ಕುಕ್ಕರಿನ ತೊಂದರೆ ಇದೇ: ಬೆಂದದ್ದನ್ನು ನಡುವೆ ಮುಟ್ಟಿ ನೋಡುವ ಹಾಗಿಲ್ಲ. ಇನ್ನೊಂದು ಸಲ 2 ಕೂಗಿಗೆ ಇಳಿಸಿ ನೋಡಿದೆ. ಕೆಲವು ಕಾಳು ಹದವಾಗಿದ್ದವು, ಕೆಲವಕ್ಕೆ ಒಳಗೆ ಬಿಳಿಯ ಗಟ್ಟಿ ಚುಕ್ಕೆ ಉಳಿದಿತ್ತು.

ಎರಡನೆಯ ಪಾಲನ್ನು ಅಗಲವಾದ ಪಾತ್ರೆಯಲ್ಲಿ, 4 ಲೋಟ ಕುದಿಯುವ ನೀರಿಗೆ ಹಾಕಿ, ನೊರೆ ತೆಗೆಯುತ್ತಾ ಮಧ್ಯಮ ಉರಿಯಲ್ಲಿ ಬೇಯಿಸಿದೆ. ಸುಮಾರು ಅರ್ಧ ಗಂಟೆ ಹಿಡಿಯಿತು. 20 ನಿಮಿಷದ ನಂತರ ಆಗಾಗ ಒಂದು ಕಾಳು ತೆಗೆದು ಬೆರಳುಗಳ ನಡುವೆ ಹಿಸುಕಿದೆ. ನೋಡಲು ಇಡೀ ಕಾಳು, ಹಿಸುಕಿದರೆ ಬೆಣ್ಣೆ, ಒಳಗೆ ಚುಕ್ಕೆ ಇಲ್ಲ. ಆ ಹೊತ್ತಿಗೇ ಇಳಿಸಿ, ಜರಡಿಯಲ್ಲಿ 10 ನಿಮಿಷ ಬಿಟ್ಟು ಚೆನ್ನಾಗಿ ಬಸಿದೆ. ಬಸಿದ ಕಟ್ಟು ಸಾರಿಗಾಯಿತು. ಅದನ್ನು ಚೆಲ್ಲುವವರನ್ನು ನಾನು ಕ್ಷಮಿಸುವುದಿಲ್ಲ.

ಇಲ್ಲಿ ಒಂದು ಮಾತು. ಬೆಲ್ಲ ಬಿದ್ದ ಮೇಲೆ ಬೇಳೆ ಮತ್ತೆ ಮೆತ್ತಗಾಗುವುದಿಲ್ಲ, ಸ್ವಲ್ಪ ಬಿಗಿಯೇ ಆಗುತ್ತದೆ. ‘ಉಳಿದದ್ದು ಬೆಲ್ಲದಲ್ಲಿ ಬೇಯಲಿ’ ಎಂದು ಅರೆಬೆಂದ ಬೇಳೆಗೆ ಬೆಲ್ಲ ಹಾಕಿದರೆ ಕಚಕಚ ಎನ್ನುವ ಹಯಗ್ರೀವವೇ ಗತಿ. ಕಾಳು ಪೂರ್ತಿ ಬೆಂದಿರಬೇಕು, ಆದರೆ ಒಡೆದಿರಬಾರದು.

ಪಾತ್ರೆಯ ಬೇಳೆ ಗೆದ್ದದ್ದರಿಂದ, ಬೆಲ್ಲದ ಪರೀಕ್ಷೆಗೂ ಅದನ್ನೇ ಅರ್ಧರ್ಧ ಮಾಡಿದೆ. ಒಂದರ್ಧಕ್ಕೆ ಅರ್ಧ ಲೋಟ ಬೆಲ್ಲದ ಪುಡಿಯನ್ನು ನೇರವಾಗಿ ಬೆರೆಸಿದೆ. ಬೆಲ್ಲ ಕರಗಿ ಪಾತ್ರೆಯೆಲ್ಲ ನೀರಾಯಿತು. ಆ ನೀರು ಇಂಗುವವರೆಗೆ 12 ನಿಮಿಷ ಕೈಯಾಡಿಸಬೇಕಾಯಿತು. ಅಷ್ಟು ಹೊತ್ತಿನಲ್ಲಿ ಸೌಟೇ ಬೇಳೆಯನ್ನು ಅರೆದುಹಾಕಿತು. ಮತ್ತೆ ಹೂರಣ, ಮೇಲೆ ಹಲ್ಲಿಗೆ ಸಿಕ್ಕ ಮರಳು.

ಇನ್ನರ್ಧಕ್ಕೆ ಅಷ್ಟೇ ಬೆಲ್ಲವನ್ನು ಕಾಲು ಲೋಟ ನೀರಿನಲ್ಲಿ ಕರಗಿಸಿ, ಸೋಸಿ, ಬೆರಳಿಗೆ ಅಂಟುವಷ್ಟು ಮಾತ್ರ ಕುದಿಸಿದೆ. ಎಳೆ ಪಾಕ ಬರುವ ಮೊದಲೇ ಬೇಳೆ, 2 ಚಮಚ ತುಪ್ಪ ಹಾಕಿದೆ. 5 ನಿಮಿಷ ಅಡಿಯಿಂದ ಮೇಲಕ್ಕೆ ಮಗುಚಿದ್ದಷ್ಟೇ. ಸೌಟಿನ ಬೆನ್ನಿನಿಂದ ಒಂದಿಷ್ಟು ಕಾಳುಗಳನ್ನು ಮಾತ್ರ ಒತ್ತಿದೆ, ಮಿಕ್ಕವನ್ನು ಹಿಡಿದಿಡಲು ಅಷ್ಟು ಸಾಕು. ಪಾಕ ಎಳೆಗೆ ಬಂದರೆ ಬೇಡ, ಆರಿದ ಮೇಲೆ ಉಂಡೆ ಕಟ್ಟಿ ಗಟ್ಟಿಯಾಗುತ್ತದೆ. ಅದನ್ನೂ ಮಾಡಿ ನೋಡಿದ್ದೇನೆ.

ಕಾಯಿಗೆ ಬಂದರೆ, ಹಸಿ ತೆಂಗಿನತುರಿಯೇ ನನ್ನ ಆಯ್ಕೆ. ಕಾಲು ಲೋಟ, ಕೊನೆಯ 2 ನಿಮಿಷಕ್ಕೆ. ಒಣ ಕೊಬ್ಬರಿ ಹಾಕಿದ್ದು ಮರುದಿನಕ್ಕೆ ಕೆಡದೆ ಉಳಿದರೂ, ಇದ್ದ ತೇವವನ್ನೆಲ್ಲ ಹೀರಿಕೊಂಡಿತ್ತು. ಹುರಿದ ಗಸಗಸೆ, ತುಪ್ಪದಲ್ಲಿ ಕರಿದ ಲವಂಗ, ದ್ರಾಕ್ಷಿ, ಗೋಡಂಬಿ, ಏಲಕ್ಕಿ ಎರಡಕ್ಕೂ ಒಂದೇ.

ಇಳಿಸುವ ಹೊತ್ತು ತಿಳಿಯಲು ಸೌಟಿನಿಂದ ಅಡಿಯಲ್ಲಿ ಗೆರೆ ಎಳೆಯಿರಿ. ಗೆರೆ ನಿಧಾನವಾಗಿ ಮುಚ್ಚಿಕೊಳ್ಳಬೇಕು, ಅಂಚಿನಲ್ಲಿ ತುಪ್ಪ ಮಿನುಗಬೇಕು. ‘ಇನ್ನೂ ಸ್ವಲ್ಪ ಸಡಿಲ’ ಅನ್ನಿಸಿದರೂ ಇಳಿಸಿಬಿಡಿ, ಆರುತ್ತಾ ಅದೇ ಬಿಗಿಯುತ್ತದೆ. ಎಲೆಗೆ ಬಡಿಸಿದಾಗ ಗುಪ್ಪೆಯಾಗಿ ನಿಂತು, ಸುತ್ತ ನೀರು ಬಿಡದಿದ್ದರೆ ಹದ ಸಿಕ್ಕಿತು.

ಕುಕ್ಕರಿನ ಆ ಗಂಜಿಯ ಪಾಲು? ರುಬ್ಬಿ, ಬೆಲ್ಲ ಹಾಕಿ ಗಟ್ಟಿ ಮಾಡಿ, ಸಂಜೆಗೆ ಒಬ್ಬಟ್ಟು ತಟ್ಟಿದೆ.