ಕರ್ನಾಟಕದ ಜನಸಂಖ್ಯೆಯ ನಡುಬಿಂದು ಎತ್ತ ಸರಿದಿದೆ? ಮೂರು ದಾರಿಯಲ್ಲಿ ಲೆಕ್ಕ ಹಾಕಿ ನೋಡಿದೆ

ಕರ್ನಾಟಕದ ಆಕಾರದ ಒಂದು ಹಲಗೆ ಇದೆ, ಆ ಹಲಗೆಗೆ ತೂಕವೇ ಇಲ್ಲ ಅಂದುಕೊಳ್ಳಿ. ಅದರ ಮೇಲೆ ರಾಜ್ಯದ ಅಷ್ಟೂ ಜನ ಅವರವರ ಊರಲ್ಲಿ ನಿಂತಿದ್ದಾರೆ, ಎಲ್ಲರ ತೂಕವೂ ಒಂದೇ. ಯಾವ ಜಾಗದಲ್ಲಿ ಬೆರಳಿಟ್ಟರೆ ಹಲಗೆ ವಾಲದೆ ನಿಲ್ಲುತ್ತದೋ ಅದೇ ಜನಸಂಖ್ಯೆಯ ಸರಾಸರಿ ಕೇಂದ್ರ. ಪ್ರತಿ ಜನಗಣತಿಗೂ ಇದನ್ನು ಗುರುತಿಸಿ ಚುಕ್ಕೆಗಳನ್ನು ಸೇರಿಸಿದರೆ ಜನವಸತಿ ಎತ್ತ ವಾಲುತ್ತಿದೆ ಅಂತ ಒಂದು ಗೆರೆಯಲ್ಲಿ ಕಾಣುತ್ತದೆ. ಅಮೆರಿಕದಲ್ಲಿ 1790ರಿಂದಲೂ ಈ ಲೆಕ್ಕ ಸಿಗುತ್ತದೆ. ಅಲ್ಲಿನ ಕೇಂದ್ರ ಮೇರಿಲ್ಯಾಂಡ್‌ನಲ್ಲಿ ಶುರುವಾಗಿ 2020ರ ಹೊತ್ತಿಗೆ ಮಿಸೌರಿಗೆ ಬಂದಿದೆ.

ನಮ್ಮ ರಾಜ್ಯದ್ದನ್ನು ಮಾಡೋಣ ಅಂತ ಕೂತೆ. ಪಕ್ಕದಲ್ಲಿದ್ದ ಗೆಳೆಯ ಕೇಳಿದ ತಕ್ಷಣ ಹೇಳಿದ: "ಇದಕ್ಕೆ ಲೆಕ್ಕ ಬೇರೆ ಬೇಕೇನೋ? ಬೆಂಗಳೂರಿನ ಕಡೆಗೆ ಜಾರಿರುತ್ತೆ, ಬಿಡು." ನನಗೂ ಹಾಗೇ ಅನ್ನಿಸಿತ್ತು.

ಮೂರು ದಾರಿಯಲ್ಲಿ ಪ್ರಯತ್ನಿಸಿದೆ: ಸಾದಾ ಸ್ಪ್ರೆಡ್‌ಶೀಟ್, ಅದೇ ಶೀಟಿನಲ್ಲಿ ಭೂಮಿಯ ದುಂಡನ್ನು ಲೆಕ್ಕಕ್ಕೆ ತರುವ ಸೂತ್ರ, ಮತ್ತು QGIS ಅನ್ನುವ ನಕ್ಷೆಯ ತಂತ್ರಾಂಶ.

ಮೊದಲು ಶೀಟ್. ಮೊದಲ ಕಂಬದಲ್ಲಿ ಜಿಲ್ಲೆಯ ಹೆಸರು, ಆಮೇಲೆ ಜಿಲ್ಲಾ ಕೇಂದ್ರದ ಅಕ್ಷಾಂಶ, ರೇಖಾಂಶ, ನಂತರ 2001 ಮತ್ತು 2011ರ ಜನಸಂಖ್ಯೆ. 30 ಜಿಲ್ಲೆ, 30 ಸಾಲು. ಸೂತ್ರ ಇಷ್ಟೇ:

```
=SUMPRODUCT(D2:D31,B2:B31)/SUM(D2:D31)
```

ಅಂದರೆ ಪ್ರತಿ ಜಿಲ್ಲೆಯ ಅಕ್ಷಾಂಶವನ್ನು ಅಲ್ಲಿನ ಜನರ ಸಂಖ್ಯೆಯಿಂದ ಗುಣಿಸಿ, ಕೂಡಿಸಿ, ಒಟ್ಟು ಜನಸಂಖ್ಯೆಯಿಂದ ಭಾಗಿಸುವುದು. ರೇಖಾಂಶಕ್ಕೆ B ಬದಲು C, 2011ಕ್ಕೆ D ಬದಲು E. ಹತ್ತು ನಿಮಿಷದ ಕೆಲಸ.

2001ಕ್ಕೆ ಬಂದದ್ದು 14.367, 76.340. ಚಿತ್ರದುರ್ಗದ ಉತ್ತರಕ್ಕೆ, ಜಗಳೂರಿನ ಕಡೆ. ಸರಿ, ನಂಬುವ ಹಾಗಿದೆ. 2011ಕ್ಕೆ ಬಂದದ್ದು 14.622, 76.167. ಅಂದರೆ ಹತ್ತೇ ವರ್ಷದಲ್ಲಿ ಕೇಂದ್ರ 28 ಕಿ.ಮೀ. ಉತ್ತರಕ್ಕೆ, 19 ಕಿ.ಮೀ. ಪಶ್ಚಿಮಕ್ಕೆ ಹೋಗಿ ಜಗಳೂರು-ಹರಪನಹಳ್ಳಿ ನಡುವೆ ಕೂತಿದೆ! ಬೆಂಗಳೂರು ಬೆಳೆದ ದಶಕದಲ್ಲಿ ಕೇಂದ್ರ ಬೆಂಗಳೂರಿಗೆ ಬೆನ್ನು ಹಾಕಿ ಹೊರಟಿತ್ತು.

ಒಂದು ಗಂಟೆ ತಲೆ ಕೆರೆದುಕೊಂಡೆ. ಕೊನೆಗೆ ಗೊತ್ತಾಯಿತು, ಬೆಂಗಳೂರಿನ 96,21,551 ಅನ್ನುವ ಅಂಕಿಯನ್ನು ಅಂಟಿಸುವಾಗ ಹಿಂದೆ ಒಂದು ಖಾಲಿ ಜಾಗ ಸೇರಿಕೊಂಡಿತ್ತು. ಶೀಟಿನ ಕಣ್ಣಿಗೆ ಅದು ಸಂಖ್ಯೆಯಲ್ಲ, ಅಕ್ಷರ. SUMPRODUCT ಅದನ್ನು ಸೊನ್ನೆ ಅಂತ ತೆಗೆದುಕೊಳ್ಳುತ್ತದೆ, SUM ಅದನ್ನು ಬಿಟ್ಟುಬಿಡುತ್ತದೆ. ಮೇಲೂ ಕೆಳಗೂ ಒಟ್ಟಿಗೇ ಬಿಟ್ಟುಹೋದ್ದರಿಂದ ತಪ್ಪು ಅಂತ ಯಾವ ಸಂದೇಶವೂ ಬರಲಿಲ್ಲ. ಉತ್ತರವೂ ರಾಜ್ಯದ ನಡುವಲ್ಲೇ ಬಿತ್ತು. ಇದನ್ನು ಹಿಡಿಯುವ ಸುಲಭದ ದಾರಿ: ಕಂಬದ ಕೆಳಗೆ ಮೊತ್ತ ಹಾಕಿ, ಜನಗಣತಿಯ ಒಟ್ಟು ಸಂಖ್ಯೆಗೆ ಹೋಲಿಸಿ. 2011ಕ್ಕೆ 6,10,95,297 ಬರಬೇಕು, 2001ಕ್ಕೆ 5,28,50,562. ಒಂದು ಅಂಕಿ ಆಚೀಚೆ ಆದರೂ ಮುಂದೆ ಹೋಗಬೇಡಿ.

ಸರಿಪಡಿಸಿದ ಮೇಲೆ 2011ರ ಕೇಂದ್ರ 14.362, 76.391. ಚಿತ್ರದುರ್ಗ ಪಟ್ಟಣದಿಂದ ಉತ್ತರಕ್ಕೆ ಸುಮಾರು 15 ಕಿ.ಮೀ. ಈ ಭಾಗದಲ್ಲಿ ಒಂದು ಡಿಗ್ರಿ ಅಕ್ಷಾಂಶ ಅಂದರೆ 110.6 ಕಿ.ಮೀ., ಒಂದು ಡಿಗ್ರಿ ರೇಖಾಂಶ ಅಂದರೆ ಸುಮಾರು 108. ಹಾಗೆ ಬದಲಾಯಿಸಿದರೆ ಹತ್ತು ವರ್ಷದಲ್ಲಿ ಕೇಂದ್ರ 5.5 ಕಿ.ಮೀ. ಪೂರ್ವಕ್ಕೆ, ಬರೀ 0.6 ಕಿ.ಮೀ. ದಕ್ಷಿಣಕ್ಕೆ ಸರಿದಿದೆ. ಬೆಂಗಳೂರು ಇರುವುದು ಆಗ್ನೇಯಕ್ಕೆ. ಕೇಂದ್ರ ಹೋಗಿದ್ದು ನೆಟ್ಟಗೆ ಪೂರ್ವಕ್ಕೆ. ಏಕೆ?

ಉತ್ತರ ನನ್ನ ತಪ್ಪಿನಲ್ಲೇ ಇತ್ತು. ಬೆಂಗಳೂರು ಬಿಟ್ಟು ಲೆಕ್ಕ ಹಾಕಿದರೆ ಉಳಿದ ರಾಜ್ಯದ ಕಥೆ ಗೊತ್ತಾಗುತ್ತದೆ ಅಲ್ವಾ? 2001ರಲ್ಲೂ ಬೆಂಗಳೂರು ನಗರ ಜಿಲ್ಲೆಯನ್ನು ತೆಗೆದು ನೋಡಿದೆ. ಉಳಿದ 29 ಜಿಲ್ಲೆಗಳ ಕೇಂದ್ರ ಹತ್ತು ವರ್ಷದಲ್ಲಿ 6 ಕಿ.ಮೀ.ಗಿಂತ ಜಾಸ್ತಿ ಉತ್ತರಕ್ಕೆ ಹೋಗಿದೆ, ಪೂರ್ವಕ್ಕೆ ಅರ್ಧ ಕಿ.ಮೀ. ಕೂಡ ಇಲ್ಲ. ಯಾದಗಿರಿ, ವಿಜಯಪುರ, ಬಳ್ಳಾರಿ, ಕಲಬುರಗಿ, ರಾಯಚೂರು ಬೆಳೆದಿವೆ. ಮಂಡ್ಯ, ಹಾಸನ, ಕೊಡಗು ಹೆಚ್ಚುಕಡಿಮೆ ನಿಂತಲ್ಲೇ ನಿಂತಿವೆ. ಚಿಕ್ಕಮಗಳೂರಲ್ಲಂತೂ ಜನ ಸ್ವಲ್ಪ ಕಮ್ಮಿಯೇ ಆಗಿದ್ದಾರೆ, 11.41 ಲಕ್ಷ ಇದ್ದದ್ದು 11.38 ಲಕ್ಷ. ಇತ್ತ ಬೆಂಗಳೂರು 65 ಲಕ್ಷದಿಂದ 96 ಲಕ್ಷಕ್ಕೆ ಏರಿ ಆಗ್ನೇಯಕ್ಕೆ ಎಳೆದಿದೆ. ಉತ್ತರದ ಎಳೆತ, ದಕ್ಷಿಣದ ಎಳೆತ ಒಂದನ್ನೊಂದು ತಿಂದುಹಾಕಿ ಪೂರ್ವ ಮಾತ್ರ ಉಳಿದಿದೆ. ಗೆಳೆಯನಿಗೆ ಹೇಳಿದರೆ, "ನಾನು ಹೇಳಿದ್ದೂ ಅರ್ಧ ಸರಿ ತಾನೇ" ಅಂದ.

ಎರಡನೆಯ ದಾರಿ, ದುಂಡು ಭೂಮಿಯ ಸೂತ್ರ. ಉತ್ತರಕ್ಕೆ ಹೋದಂತೆ ರೇಖಾಂಶಗಳ ನಡುವಿನ ದೂರ ಕಿರಿದಾಗುತ್ತದೆ. ಬೀದರಿನ ಒಂದು ಡಿಗ್ರಿ ಚಾಮರಾಜನಗರದ ಒಂದು ಡಿಗ್ರಿಗಿಂತ ಚಿಕ್ಕದು. ಅದಕ್ಕೆ ಅಮೆರಿಕದ ಜನಗಣತಿಯವರು ರೇಖಾಂಶದ ಸರಾಸರಿಗೆ ಅಕ್ಷಾಂಶದ ಕೊಸೈನನ್ನೂ ಸೇರಿಸುತ್ತಾರೆ:

```
=SUMPRODUCT(D2:D31,C2:C31,COS(RADIANS(B2:B31)))
 /SUMPRODUCT(D2:D31,COS(RADIANS(B2:B31)))
```

ಇಲ್ಲೂ 2011ಕ್ಕೆ D ಬದಲು E. ಇದರಿಂದ 2011ರ ಬಿಂದು ಸುಮಾರು 240 ಮೀಟರ್ ಪೂರ್ವಕ್ಕೆ ಹೋಯಿತು. ಆದರೆ 2001ರದ್ದೂ ಅತ್ತಲೇ ಹೆಚ್ಚುಕಡಿಮೆ ಅಷ್ಟೇ ಹೋಯಿತು. ಹಾಗಾಗಿ ಎರಡರ ನಡುವಿನ ದೂರದಲ್ಲಿ ಬದಲಾದದ್ದು ಕೆಲವು ಹತ್ತು ಮೀಟರ್ ಮಾತ್ರ. ಇಡೀ ಭಾರತಕ್ಕೆ ಮಾಡುವಾಗ ಈ ಸೂತ್ರ ಬಿಡಬೇಡಿ. ಕರ್ನಾಟಕಕ್ಕೆ ಸಾದಾ ಸೂತ್ರ ಸಾಕು. ಇದಕ್ಕಾಗಿ ವಾದ ಮಾಡುವವರನ್ನು ನೋಡಿದ್ದೇನೆ, ಸುಮ್ನೆ ಸಮಯ ಹಾಳು.

ಮೂರನೆಯದು QGIS. ಇದರಲ್ಲಿ `Mean coordinate(s)` ಅನ್ನುವ ಉಪಕರಣವಿದೆ, `Weight field` ಜಾಗದಲ್ಲಿ ಜನಸಂಖ್ಯೆಯ ಕಂಬ ಕೊಟ್ಟರೆ ಬಿಂದು ಬರುತ್ತದೆ. ನಕ್ಷೆಯ ಮೇಲೇ ಬೀಳುತ್ತದೆ, ನೋಡಲು ಖುಷಿ. ಆದರೆ ಜಿಲ್ಲೆಗಳ ಗಡಿನಕ್ಷೆಯನ್ನೇ ನೇರ ಕೊಟ್ಟೆ, ಅಲ್ಲೇ ಎಡವಿದೆ. ಈ ಉಪಕರಣ ಜಿಲ್ಲೆಯ ನಡುವನ್ನು ತೆಗೆದುಕೊಳ್ಳುವುದಿಲ್ಲ, ಗಡಿರೇಖೆಯ ಒಂದೊಂದು ಮೂಲೆಬಿಂದುವಿಗೂ ಆ ಜಿಲ್ಲೆಯ ಪೂರ್ತಿ ತೂಕ ಕೊಡುತ್ತದೆ. ಉತ್ತರ ಕನ್ನಡದ ಕರಾವಳಿ ನೋಡಿ, ಅಳಿವೆ, ಕೊಲ್ಲಿ, ತಿರುವು. ಅಂಥ ಗಡಿಗೆ ಸಾವಿರಾರು ಬಿಂದು. ಬಯಲುಸೀಮೆಯ ನೇರ ಗಡಿಗೆ ಅದರ ಕಾಲುಭಾಗವೂ ಇಲ್ಲ. ಅಂಕುಡೊಂಕು ಗಡಿಯಿರುವ ಜಿಲ್ಲೆಗೇ ತೂಕ ಜಾಸ್ತಿಯಾಗಿ ನನ್ನ ಕೇಂದ್ರ ಪಶ್ಚಿಮಕ್ಕೆ ಓಡಿತು. ಮೊದಲು `Centroids` ಓಡಿಸಿ ಜಿಲ್ಲೆಗೊಂದೇ ಬಿಂದು ಮಾಡಿಕೊಂಡು, ಆಮೇಲೆ ಸರಾಸರಿ ತೆಗೆಯಬೇಕು. ಇನ್ನೊಂದು ತೊಡಕು, ಈಗ ಸಿಗುವ ನಕ್ಷೆಗಳಲ್ಲಿ ವಿಜಯನಗರವೂ ಸೇರಿ 31 ಜಿಲ್ಲೆ. 2011ರ ಪಟ್ಟಿಯಲ್ಲಿ 30.

ಈ ಜಿಲ್ಲೆಗಳ ವಿಷಯವೇ ಸೂತ್ರಕ್ಕಿಂತ ಮುಖ್ಯ ಅಂತ ಕೊನೆಗೆ ಅರ್ಥವಾಯಿತು. 2001ರ ಗಣತಿಯ ಹೊತ್ತಿಗೆ ಇದ್ದದ್ದು 27 ಜಿಲ್ಲೆ. ರಾಮನಗರ, ಚಿಕ್ಕಬಳ್ಳಾಪುರ, ಯಾದಗಿರಿ ಆಮೇಲೆ ಆದವು. 27 ಬಿಂದುಗಳ 2001ನ್ನು 30 ಬಿಂದುಗಳ 2011ರ ಜೊತೆ ಹೋಲಿಸಿ ನೋಡಿದೆ. ಯಾರೂ ಮನೆ ಬದಲಾಯಿಸದೆಯೇ, ಬರೀ ಲೆಕ್ಕದ ಬಿಂದು ಬದಲಾಗಿದ್ದಕ್ಕೆ ಕೇಂದ್ರ ಸುಮಾರು 0.9 ಕಿ.ಮೀ. ಅಲ್ಲಾಡಿತು. ಅಂದರೆ ಒಟ್ಟು ಸರಿದ ದೂರದ ಆರನೇ ಒಂದು ಪಾಲು ಬರೀ ಸುಳ್ಳು. ಮೇಲೆ ಕೊಟ್ಟ 2001ರ ಉತ್ತರಕ್ಕೆ ನಾನು ಬಳಸಿದ್ದು 2011ರ ಗಡಿಗೆ ಹೊಂದಿಸಿದ ಅಂಕಿ, ಅದು ಜನಗಣತಿಯ ದಶಕದ ಏರಿಳಿತದ ಪಟ್ಟಿಯಲ್ಲೇ ಸಿಗುತ್ತದೆ.

1991ಕ್ಕೆ ನನ್ನ ಬಳಿ ಇದ್ದದ್ದು 27 ಜಿಲ್ಲೆಗೆ ಹೊಂದಿಸಿದ ಅಂಕಿ. ಅದನ್ನು 27 ಜಿಲ್ಲೆಯ 2001ರ ಜೊತೆಗೇ ಹೋಲಿಸಿದೆ, 30ರ ಜೊತೆ ಬೆರೆಸಲಿಲ್ಲ. ಆ ದಶಕದಲ್ಲಿ ಕೇಂದ್ರ ಸುಮಾರು 3 ಕಿ.ಮೀ. ಪೂರ್ವಕ್ಕೆ, ಒಂದೂವರೆ ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ಉತ್ತರಕ್ಕೆ ಹೋಗಿತ್ತು. ತೊಂಬತ್ತರ ದಶಕದಲ್ಲಿ ಈಶಾನ್ಯ, ಮುಂದಿನ ದಶಕದಲ್ಲಿ ಪೂರ್ವ. ಗೆರೆ ನಿಧಾನಕ್ಕೆ ಬೆಂಗಳೂರಿನತ್ತ ಬಾಗುತ್ತಿದೆ.

ಜಿಲ್ಲಾ ಕೇಂದ್ರದ ಬದಲು ಜಿಲ್ಲೆಯ ನಡುಭಾಗ ತೆಗೆದುಕೊಳ್ಳಬೇಕಿತ್ತಲ್ಲವೇ ಅಂತ ಕೇಳಬಹುದು. ಕಾರವಾರವಂತೂ ಜಿಲ್ಲೆಯ ಅಂಚಿನಲ್ಲಿದೆ. ಅದರ ರೇಖಾಂಶ 74.13ರ ಬದಲು ಒಳನಾಡಿನ 74.60 ಇಟ್ಟು ನೋಡಿದೆ. ರಾಜ್ಯದ ಕೇಂದ್ರ 1.2 ಕಿ.ಮೀ. ಸರಿಯಿತು. ಆದರೆ ಎರಡೂ ವರ್ಷಕ್ಕೂ ಹೆಚ್ಚುಕಡಿಮೆ ಅಷ್ಟೇ ಸರಿದದ್ದರಿಂದ, ಹತ್ತು ವರ್ಷದಲ್ಲಿ ಹೋದ ದೂರದಲ್ಲಿ ವ್ಯತ್ಯಾಸ 100 ಮೀಟರ್ ಮಾತ್ರ. ಬಿಂದು ಯಾವುದೇ ಇರಲಿ, ಎಲ್ಲ ವರ್ಷಕ್ಕೂ ಅದೇ ಇರಬೇಕು.

ನಾನು ಉಳಿಸಿಕೊಂಡದ್ದು ಸಾದಾ ಶೀಟನ್ನೇ. QGIS ಚಿತ್ರ ಬರೆಯಲು ಮಾತ್ರ. ಆದರೆ ಮೂರೂ ದಾರಿಗೆ ಕಾಣದ್ದು ಒಂದಿದೆ, ಜಿಲ್ಲೆಯ ಒಳಗಿನ ಓಡಾಟ. 2011ರಲ್ಲಿ ರಾಜ್ಯದ ಶೇ. 15.7ರಷ್ಟು ಜನ ಬೆಂಗಳೂರು ನಗರ ಜಿಲ್ಲೆಯವರು, ನನ್ನ ಶೀಟಿನಲ್ಲಿ ಅವರೆಲ್ಲ ಒಂದೇ ಚುಕ್ಕೆಯ ಮೇಲೆ ನಿಂತಿದ್ದಾರೆ. ಊರು ವೈಟ್‌ಫೀಲ್ಡ್ ಕಡೆಗೆ ಬೆಳೆದು ಆ ಜಿಲ್ಲೆಯ ನಡುಬಿಂದು 3 ಕಿ.ಮೀ. ಪೂರ್ವಕ್ಕೆ ಹೋಗಿದ್ದರೆ, ರಾಜ್ಯದ ಕೇಂದ್ರ ಇನ್ನೂ ಸುಮಾರು ಅರ್ಧ ಕಿ.ಮೀ. ಪೂರ್ವಕ್ಕೆ ಸರಿಯಬೇಕಿತ್ತು. ಕೊಸೈನ್ ತಂದ ವ್ಯತ್ಯಾಸಕ್ಕಿಂತ ಇದೇ ದೊಡ್ಡದು. ಈಗ ಬೆಂಗಳೂರನ್ನಷ್ಟೇ ವಾರ್ಡುಗಳಾಗಿ ಒಡೆಯಲು ಕೂತಿದ್ದೇನೆ. 2001ರ ವಾರ್ಡು, 2011ರ ವಾರ್ಡು ಒಂದಕ್ಕೊಂದು ಹೊಂದುವುದಿಲ್ಲ, ಮತ್ತೆ ಅದೇ ಗಡಿಯ ಗೋಳು.