ತೆರಿಗೆ ಟಿಪ್ಪಣಿ ತಯಾರಿಸುವ ತಂತ್ರಾಂಶ: ‘ಇತರೆ’ ಸಾಲನ್ನು ನಂಬಬೇಡಿ

ಅಂಕ: 5ಕ್ಕೆ 3

ಪಟ್ಟಿಯಾದ ಕಂಪನಿಯೊಂದರ ಅಂಗಸಂಸ್ಥೆಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಆದಾಯ ತೆರಿಗೆಯ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್ 12ರ ಪ್ರಕಾರ, ಕಾನೂನಿನ ದರದಲ್ಲಿ ಆಗಬೇಕಿದ್ದ ತೆರಿಗೆಗೂ ಲಾಭ-ನಷ್ಟ ಪಟ್ಟಿಯಲ್ಲಿ ತೋರಿಸಿದ ತೆರಿಗೆಗೂ ಇರುವ ಅಂತರವನ್ನು ಟಿಪ್ಪಣಿಯಲ್ಲಿ ವಿವರಿಸಬೇಕು. ನಮ್ಮ ಲೆಕ್ಕದ ತಂತ್ರಾಂಶದೊಳಗಿನ ತೆರಿಗೆ ವಿಭಾಗ ಆ ಕೋಷ್ಟಕವನ್ನು ತಾನೇ ಕಟ್ಟಿಕೊಡುತ್ತದೆ. ಹಲವು ವರ್ಷಗಳಿಂದ ಬಳಸುತ್ತಿದ್ದೇವೆ.

ದರದ ವಿಷಯದಲ್ಲಿ ದೂರಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 115ಬಿಎಎ ಆಯ್ದುಕೊಂಡರೆ ಶೇ 22ಕ್ಕೆ ಶೇ 10ರ ಸರ್ಚಾರ್ಜ್, ಅದರ ಮೇಲೆ ಶೇ 4ರ ಸೆಸ್ ಸೇರಿಸಿ ಶೇ 25.168 ಎಂದು ಸರಿಯಾಗಿ ಹಿಡಿಯುತ್ತದೆ. ತೊಂದರೆ ಅಲ್ಲಿಂದಾಚೆಗೆ.

ಲೆಕ್ಕ ಸುಲಭವಾಗಲೆಂದು 2024-25ಕ್ಕೆ ಒಂದು ಮಾದರಿ ಕೊಡುತ್ತೇನೆ. ತೆರಿಗೆ ಪೂರ್ವ ಲಾಭ 1,000 ಲಕ್ಷ ರೂಪಾಯಿ. ಕಾನೂನಿನ ದರದಲ್ಲಿ ತೆರಿಗೆ 251.68 ಲಕ್ಷ. ಸಿಎಸ್‌ಆರ್‌ಗೆ ಮಾಡಿದ 25 ಲಕ್ಷ ಖರ್ಚನ್ನು ಆದಾಯ ತೆರಿಗೆ ಒಪ್ಪುವುದಿಲ್ಲ, ಹಾಗಾಗಿ 6.29 ಲಕ್ಷ ಏರುತ್ತದೆ. ಜುಲೈ 23ರ ನಂತರ ಮಾರಿದ ಹಳೆಯ ಜಮೀನಿನಿಂದ 100 ಲಕ್ಷ ಲಾಭ ಬಂದಿದೆ. ಅದಕ್ಕೆ ಶೇ 12.5ರ ದರ, ಸರ್ಚಾರ್ಜ್ ಮತ್ತು ಸೆಸ್ ಸೇರಿ ಶೇ 14.3. ಅಲ್ಲಿ 10.87 ಲಕ್ಷ ಇಳಿಯುತ್ತದೆ. ಹಿಂದಿನ ವರ್ಷದ ತೆರಿಗೆ 6 ಲಕ್ಷ ಈ ವರ್ಷದ ವೆಚ್ಚಕ್ಕೆ ಸೇರುತ್ತದೆ. ಒಟ್ಟು ತೆರಿಗೆ ವೆಚ್ಚ 253.10 ಲಕ್ಷ, ಅಂದರೆ ಪರಿಣಾಮಕಾರಿ ದರ ಶೇ 25.31. ಕಾನೂನಿನ ದರದ ಪಕ್ಕದಲ್ಲೇ ಇದೆ, ಆದರೆ ಒಳಗೆ ಮೂರು ಕಾರಣಗಳು ಒಂದನ್ನೊಂದು ತಿಂದುಹಾಕಿವೆ.

ಇದೇ ಲೆಕ್ಕಕ್ಕೆ ತಂತ್ರಾಂಶ ಏನು ತೋರಿಸುತ್ತದೆ ನೋಡಿ. ಆದಾಯ ತೆರಿಗೆಯ ಸವಕಳಿ ಪುಸ್ತಕದ ಸವಕಳಿಗಿಂತ 40 ಲಕ್ಷ ಹೆಚ್ಚಿದೆ ಎಂದಿಟ್ಟುಕೊಳ್ಳಿ. ಇದರಿಂದ ಚಾಲ್ತಿ ತೆರಿಗೆ 10.07 ಲಕ್ಷ ಇಳಿದರೂ ಮುಂದೂಡಿದ ತೆರಿಗೆ ಅಷ್ಟೇ ಏರುತ್ತದೆ. ಒಟ್ಟು ವೆಚ್ಚ ಕದಲುವುದಿಲ್ಲ, ಕೋಷ್ಟಕದಲ್ಲಿ ಇದಕ್ಕೆ ಜಾಗವೇ ಇಲ್ಲ. ತಂತ್ರಾಂಶ ಅದನ್ನೂ ಸಿಎಸ್‌ಆರ್‌ನಂತೆ ಕಾಯಂ ವ್ಯತ್ಯಾಸವೆಂದು ಹಿಡಿದು 10.07 ಲಕ್ಷ ಕಳೆಯುತ್ತದೆ. ಜಮೀನಿನ ವಿಶೇಷ ದರವಾಗಲಿ, ಹಿಂದಿನ ವರ್ಷದ ತೆರಿಗೆಯಾಗಲಿ ಅದಕ್ಕೆ ಗೊತ್ತಿಲ್ಲ. ಕೊನೆಗೆ ಹೊಂದದ 5.20 ಲಕ್ಷವನ್ನು ‘ಇತರೆ’ ಎಂದು ಬರೆದು ಕೋಷ್ಟಕ ಮುಗಿಸುತ್ತದೆ. ಮೊತ್ತ ಸಣ್ಣದು, ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಆಡಿಟರ್ ಇಂಥದ್ದನ್ನು ಬಿಡುವವರಲ್ಲ ಎಂಬುದು ನಮ್ಮ ಪುಣ್ಯ.

ಪರಿಹಾರವಿದೆ, ಕೈಪಿಡಿಯಲ್ಲಿ ಮಾತ್ರ ಇಲ್ಲ. ಮಾಸ್ಟರ್‌ನಲ್ಲಿ ಸವಕಳಿಯ ಗುರುತನ್ನು ‘ತಾತ್ಕಾಲಿಕ ವ್ಯತ್ಯಾಸ’ ಎಂದು ಬದಲಿಸಿ. ವಿಶೇಷ ದರಕ್ಕೂ ಹಿಂದಿನ ವರ್ಷಗಳ ತೆರಿಗೆಗೂ ಪ್ರತ್ಯೇಕ ಸಾಲು ನೀವೇ ಸೇರಿಸಿ. ಆಮೇಲೆ ‘ಇತರೆ’ ಸೊನ್ನೆಯ ಹತ್ತಿರ ಬರಬೇಕು. ಬರದಿದ್ದರೆ ಮೊದಲು ಮುಂದೂಡಿದ ತೆರಿಗೆಯ ಆರಂಭಿಕ ಶಿಲ್ಕನ್ನು ತೆಗೆದು ನೋಡಿ. ಅದು ಹಳೆಯ ದರದಲ್ಲೇ ಉಳಿದಿರಬಹುದು.

ಸವಕಳಿಯ ಗುರುತು ಸರಿಪಡಿಸಿಕೊಂಡರೆ, ಜಮೀನು ಮಾರಾಟ, ಹಿಂದಿನ ವರ್ಷದ ತೆರಿಗೆ ಏನೂ ಇಲ್ಲದ ಕಂಪನಿಗೆ ಈ ವಿಭಾಗ ಸಾಕು. ಉಳಿದವರು ಎಕ್ಸೆಲ್ ಹಾಳೆಯೊಂದನ್ನು ಪಕ್ಕದಲ್ಲೇ ತೆರೆದಿಟ್ಟುಕೊಳ್ಳಿ.