ಜಿಮ್ಮಲ್ಲಿ ಮಾರುವ "ಕ್ರಿಯೇಟಿನ್ + ಅಮೈನೋ" ಡಬ್ಬ ತೆಗೊಳ್ಳುವ ಮೊದಲು ಹಿಂದಿನ ಸಣ್ಣ ಅಕ್ಷರ ಓದಿ

ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕ ಕಡೆ ಜಿಮ್ಮಿಗೆ ಹೋಗುವವ್ರು, ಮನೆಯಲ್ಲಿ ಜಿಮ್ಮಿಗೆ ಹೋಗುವ ಮಕ್ಕಳಿರುವವ್ರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ತಮ್ಮನಿಗೆ ಆದದ್ದು ಇನ್ನೊಬ್ರಿಗೆ ಆಗ್ಬಾರ್ದು ಅಂತ ಬರಿತಾ ಇದ್ದೇನೆ. ಜಿಮ್ಮಿನ ಹೆಸರು, ಕಂಪೆನಿ ಹೆಸರು ಹಾಕುದಿಲ್ಲ, ಯಾಕಂದ್ರೆ ಇಂಥ ಡಬ್ಬ ಒಂದೇ ಕಡೆ ಸಿಗುದಲ್ಲ, ಹೆಸರು ಬೇರೆ ಆದ್ರೂ ಒಳಗೆ ಇರುದು ಹೆಚ್ಚುಕಮ್ಮಿ ಇದೇ.

ತಮ್ಮ ಡಿಗ್ರಿ ಓದ್ತಾ ಇದ್ದಾನೆ, ಸಪೂರ ಹುಡುಗ, ನಮ್ಮದು ಸಸ್ಯಾಹಾರಿ ಮನೆ. ಜಿಮ್ಮಿಗೆ ಸೇರಿದ ಮೇಲೆ ಅಲ್ಲಿನ ಟ್ರೈನರ್ ಕೌಂಟರಿನಿಂದ ಒಂದು ಡಬ್ಬ ತೆಗೆದು ಕೊಟ್ಟಿದ್ದಾರೆ, 300 ಗ್ರಾಂ, 1,400 ರೂಪಾಯಿ, ಬಿಲ್ ಇಲ್ಲ. ಕ್ರಿಯೇಟಿನ್ ಅಂದ್ರೆ ಸ್ನಾಯುವಿಗೆ ಬಲ ಬರ್ಲಿಕ್ಕೆ ಜಿಮ್ಮಿನವ್ರು ತೆಗೊಳ್ಳುವ ಪುಡಿ, ಅಮೈನೋ ಅಂದ್ರೆ ಪ್ರೋಟೀನ್ ಆಗುವ ಸಣ್ಣ ತುಂಡುಗಳು. ಡಬ್ಬದ ಎದುರು ದೊಡ್ಡದಾಗಿ "ಕ್ರಿಯೇಟಿನ್ + ಅಮೈನೋ 6000 ಎಂಜಿ", ಅದರ ಕೆಳಗೆ "ಶುಗರ್ ಫ್ರೀ", ಕಲ್ಲಂಗಡಿ ಹಣ್ಣಿನ ಚಿತ್ರ. "ಮೊದಲ ವಾರ ಲೋಡಿಂಗ್ ಮಾಡ್ಬೇಕು, ದಿನಕ್ಕೆ 4 ಸರ್ವಿಂಗ್ ತಗೋ" ಅಂತ ಹೇಳಿದ್ರಂತೆ. ಅವನು ಹೇಳಿದ ಹಾಗೇ ಮಾಡಿದ. ಎರಡನೇ ದಿನದಿಂದ ಹೊಟ್ಟೆ ಉಬ್ಬರ, ಗುಡುಗುಡು ಶಬ್ದ, ಆಮೇಲೆ ನೀರಿನ ಹಾಗೆ ಭೇದಿ. ಟ್ರೈನರ್ ಹತ್ರ ಕೇಳಿದ್ರೆ "ಸುರುವಿಗೆ ಎಲ್ರಿಗೂ ಹಾಗೆ ಆಗ್ತದೆ, ಬಾಡಿ ಸೆಟ್ ಆಗ್ತಾ ಉಂಟು, ನಿಲ್ಲಿಸ್ಬೇಡ" ಅಂತ ಉತ್ತರ. ನಾಲ್ಕನೇ ದಿನಕ್ಕೆ ಡಬ್ಬದ ತಳದಲ್ಲಿ ಸ್ವಲ್ಪವೇ ಪುಡಿ ಉಳಿದಿತ್ತು, ಹುಡುಗ ಹಾಸಿಗೆ ಹಿಡಿದ. "ಅಣ್ಣಾ, ಇನ್ನೊಂದು ಡಬ್ಬ ತರ್ಬೇಕಂತೆ" ಅಂದಾಗ ನಾನು ಆ ಡಬ್ಬ ಕೈಗೆ ತೆಗೊಂಡದ್ದು.

ಹಿಂದೆ ಇದ್ದದ್ದನ್ನು ಇದ್ದ ಹಾಗೇ ಹೇಳ್ತೇನೆ. ಸರ್ವಿಂಗ್ ಸೈಜ್ 20 ಗ್ರಾಂ, ಅಂದ್ರೆ 2 ಸ್ಕೂಪ್. ಡಬ್ಬದಲ್ಲಿ 15 ಸರ್ವಿಂಗ್. ಮತ್ತೆ ಟೇಬಲ್ಲಿನಲ್ಲಿ ಎರಡು ಸಾಲು ಅಂಕೆ, ಒಂದು ಸರ್ವಿಂಗಿಗೆ, ಇನ್ನೊಂದು 100 ಗ್ರಾಮಿಗೆ. ಸರ್ವಿಂಗ್ ಸಾಲಿನಲ್ಲಿ "ಕ್ರಿಯೇಟಿನ್ ಅಮೈನೋ ಬ್ಲೆಂಡ್ 6 ಗ್ರಾಂ" ಅಂತ ಒಟ್ಟು ಸೇರಿಸಿ ಹಾಕಿದ್ದಾರೆ, ಎದುರಿನ 6000 ಎಂಜಿ ಅಂದ್ರೆ ಇದೇ. ಅದ್ರಲ್ಲಿ ಕ್ರಿಯೇಟಿನ್ ಎಷ್ಟು ಅಂತ ಅಲ್ಲಿ ಇಲ್ಲ. 100 ಗ್ರಾಮಿನ ಸಾಲಿನಲ್ಲಿ ಮಾತ್ರ ಬಿಡಿಸಿ ಕೊಟ್ಟಿದ್ದಾರೆ: ಕ್ರಿಯೇಟಿನ್ ಮೊನೊಹೈಡ್ರೇಟ್ 7.5 ಗ್ರಾಂ. ಹಾಗಾದ್ರೆ 20 ಗ್ರಾಂ ಪುಡಿಯಲ್ಲಿ ಬರೀ ಒಂದೂವರೆ ಗ್ರಾಂ. ಇಡೀ ಡಬ್ಬ ಖಾಲಿ ಮಾಡಿದ್ರೂ 22.5 ಗ್ರಾಂ ಮಾತ್ರ ಕ್ರಿಯೇಟಿನ್, ಅದಕ್ಕೆ 1,400 ರೂಪಾಯಿ, ಅಂದ್ರೆ ಒಂದು ಗ್ರಾಮಿಗೆ 60 ರೂಪಾಯಿಯ ಮೇಲೆ!

ಈಗ ಲೋಡಿಂಗ್ ವಿಷಯ. ಲೋಡಿಂಗ್ ಅಂದ್ರೆ ಸಾದಾ ಕ್ರಿಯೇಟಿನ್ನನ್ನು 5 ಗ್ರಾಮಿನ ಹಾಗೆ ದಿನಕ್ಕೆ 4 ಸಲ, ಒಟ್ಟು 20 ಗ್ರಾಂ, 5ರಿಂದ 7 ದಿನ ತೆಗೊಳ್ಳುವ ಕ್ರಮ. ಆ "4 ಸಲ" ಅನ್ನುವುದನ್ನು ಮಾತ್ರ ಹಿಡ್ಕೊಂಡು ಈ ಬೆರಕೆ ಪುಡಿಗೆ ಹಚ್ಚಿದ್ರೆ ಏನಾಗ್ತದೆ ನೋಡಿ. 4 ಸರ್ವಿಂಗ್ ಅಂದ್ರೆ ದಿನಕ್ಕೆ 80 ಗ್ರಾಂ ಪುಡಿ. ಅದ್ರಲ್ಲಿ ಕ್ರಿಯೇಟಿನ್ 6 ಗ್ರಾಂ. ಲೋಡಿಂಗೂ ಆಗ್ಲಿಲ್ಲ, ಬೇಡದ್ದೆಲ್ಲ ಹೊಟ್ಟೆಗೆ ಹೋಯ್ತು. ಅಸಲಿಗೆ ಲೋಡಿಂಗ್ ಕಡ್ಡಾಯವೂ ಅಲ್ಲ. ದಿನಕ್ಕೆ 3 ಗ್ರಾಂ ಸಾದಾ ಕ್ರಿಯೇಟಿನ್ ತೆಗೊಂಡ್ರೆ ಸುಮಾರು 4 ವಾರದಲ್ಲಿ ಸ್ನಾಯುವಿನಲ್ಲಿ ಅಷ್ಟೇ ತುಂಬ್ತದೆ, ಲೋಡಿಂಗ್ ಮಾಡಿದ್ರೆ ಒಂದು ವಾರದಲ್ಲಿ ಆಗ್ತದೆ, ವ್ಯತ್ಯಾಸ ಅಷ್ಟೇ. ಆದ್ರೆ ಲೋಡಿಂಗ್ ಹೇಳಿದ್ರೆ ಡಬ್ಬ ಬೇಗ ಮುಗಿತದೆ, 300 ಗ್ರಾಂ ನಾಲ್ಕು ದಿನಕ್ಕೂ ಸಾಲುದಿಲ್ಲ, ಇದನ್ನು ಮಾರುವವ್ರು ಯೋಚನೆ ಮಾಡದೆ ಹೇಳಿದ್ದು ಅಂತ ನನಗೆ ಅನ್ನಿಸುದಿಲ್ಲ.

ಹೊಟ್ಟೆ ಕೆಟ್ಟದ್ದು ಯಾಕೆ? ಅದೂ ಲೇಬಲ್ಲಿನಲ್ಲೇ ಉಂಟು. ನಮ್ಮಲ್ಲಿ ನಿಯಮದ ಪ್ರಕಾರ ಯಾವುದು ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರಿಬೇಕು, ಹಾಗಾಗಿ ಪದಾರ್ಥಗಳ ಪಟ್ಟಿಯ ಮೊದಲ ಮೂರು ನಾಲ್ಕು ಹೆಸರು ನೋಡಿದ್ರೆ ಡಬ್ಬದ ಹಣೆಬರಹ ಗೊತ್ತಾಗ್ತದೆ. ಇದ್ರಲ್ಲಿ ಮೊದಲನೇದು ಮಾಲ್ಟೋಡೆಕ್ಸ್‌ಟ್ರಿನ್, ಎರಡನೇದು "ಸ್ವೀಟನರ್ 420", ಆಮೇಲೆ ಟಾರಿನ್, ಗ್ಲೈಸಿನ್, ಅದ್ರ ನಂತರ ಕ್ರಿಯೇಟಿನ್. 420 ಅಂದ್ರೆ ಸಾರ್ಬಿಟಾಲ್. ಇದು ಕರುಳಲ್ಲಿ ಪೂರ್ತಿ ಹೀರಿಕೊಳ್ಳುದಿಲ್ಲ, ಉಳಿದದ್ದು ಕರುಳಿನೊಳಗೆ ನೀರು ಎಳ್ಕೊಳ್ತದೆ, ದೊಡ್ಡ ಕರುಳಿಗೆ ಹೋಗಿ ಹುಳಿತು ಗ್ಯಾಸ್ ಆಗ್ತದೆ. ಮಲಬದ್ಧತೆಗೆ ಕೊಡುವ ಔಷಧದಲ್ಲೂ ಇದನ್ನು ಬಳಸ್ತಾರೆ. ಸಾರ್ಬಿಟಾಲಿನಂಥ ಸಿಹಿಗಳಿಗೆ ಪಾಲಿಯಾಲ್ ಅಂತಾರೆ, ಟೇಬಲ್ಲಿನಲ್ಲಿ 100 ಗ್ರಾಮಿಗೆ ಪಾಲಿಯಾಲ್ 15 ಗ್ರಾಂ ಅಂತ ಇತ್ತು, ತಮ್ಮ ದಿನಕ್ಕೆ 80 ಗ್ರಾಂ ಕುಡಿದದ್ದಕ್ಕೆ 12 ಗ್ರಾಂ ಸಾರ್ಬಿಟಾಲ್ ಹೋಗಿದೆ. ತುಂಬ ಜನರ ಹೊಟ್ಟೆ ಕೆಡಲಿಕ್ಕೆ ಅಷ್ಟು ಸಾಕು. "ಪಾಲಿಯಾಲ್ ಭೇದಿ ಮಾಡಿಸಬಹುದು" ಅನ್ನುವ ಎಚ್ಚರಿಕೆ ಇಂಗ್ಲಿಷಿನಲ್ಲಿ ಇತ್ತು, ಎಲ್ಲಿ ಗೊತ್ತುಂಟಾ, ಡಬ್ಬದ ಜಾಯಿಂಟ್ ಹತ್ರ, ಬ್ಯಾಚ್ ನಂಬರಿನ ಕೆಳಗೆ, ಫೋನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದ್ಬೇಕಾಯ್ತು.

ಡಾಕ್ಟ್ರು ಒಆರ್‌ಎಸ್ ಕೊಟ್ರು, ಗಂಜಿ ತೆಳಿ ಮತ್ತೆ ಬೊಂಡ ಕುಡಿಲಿಕ್ಕೆ ಹೇಳಿದ್ರು, ಪುಡಿ ನಿಲ್ಲಿಸಿದ ಮೇಲೆ ಭೇದಿ ತಾನಾಗಿ ನಿಂತಿತು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಸ್ವಲ್ಪ ಹೆಚ್ಚು ಬಂದು ಅಮ್ಮ ಕಿಡ್ನಿ ಹೋಯ್ತು ಅಂತ ಅಳ್ಳಿಕ್ಕೆ ಸುರು ಮಾಡಿದ್ರು. ಕ್ರಿಯೇಟಿನ್ ದೇಹದಲ್ಲಿ ಮಾರ್ಪಟ್ಟು ಆಗುವುದೇ ಕ್ರಿಯಾಟಿನಿನ್, ಹಾಗಾಗಿ ಪುಡಿ ತೆಗೊಳ್ಳುವವ್ರಲ್ಲಿ ಆ ಅಂಕೆ ಸ್ವಲ್ಪ ಏರಬಹುದು, ಮೈಯಲ್ಲಿ ನೀರು ಕಮ್ಮಿ ಆದ್ರೂ ಏರ್ತದೆ. ಮತ್ತೆ ಕೆಲವು ದಿನ ಬಿಟ್ಟು ಮಾಡಿಸಿದಾಗ ಇಳಿದಿತ್ತು. ಪುಡಿ ತೆಗೊಳ್ತಾ ಇದ್ರೆ ಪರೀಕ್ಷೆಗೆ ಮೊದಲೇ ಡಾಕ್ಟ್ರಿಗೆ ಹೇಳಿ, ಮುಚ್ಚಿಡ್ಬೇಡಿ. ಮೊದಲೇ ಕಿಡ್ನಿ ತೊಂದರೆ ಇರುವವ್ರು ಡಾಕ್ಟ್ರನ್ನು ಕೇಳದೆ ಸಾದಾ ಕ್ರಿಯೇಟಿನ್ನೂ ಮುಟ್ಬಾರ್ದು.

ಇನ್ನು "ಶುಗರ್ ಫ್ರೀ". ಇದು ನನಗೆ ಎಲ್ಲದಕ್ಕಿಂತ ಹೆಚ್ಚು ಸಿಟ್ಟು ಬರಿಸಿದ್ದು, ಯಾಕಂದ್ರೆ ಆ ಜಿಮ್ಮಿಗೆ ಸಕ್ಕರೆ ಕಾಯಿಲೆ ಇರುವ ಹಿರಿಯರೂ ಬರ್ತಾರೆ, ಅವ್ರಿಗೂ ಇದೇ ಡಬ್ಬ ತೋರಿಸಿ "ನಿಮ್ಗೂ ಆಗ್ತದೆ, ಸಕ್ಕರೆ ಇಲ್ಲ" ಅಂತಾರೆ. ಟೇಬಲ್ಲಿನಲ್ಲಿ ಸಕ್ಕರೆ 100 ಗ್ರಾಮಿಗೆ 1 ಗ್ರಾಮೂ ಇಲ್ಲ, ಸರಿ. ಆದ್ರೆ ಅದ್ರ ಮೇಲಿನ ಸಾಲಿನಲ್ಲಿ ಕಾರ್ಬೋಹೈಡ್ರೇಟ್ 62 ಗ್ರಾಂ! ಪಾಲಿಯಾಲ್ ಕಳೆದ್ರೂ ಉಳಿದದ್ದು ಬಹುಪಾಲು ಮಾಲ್ಟೋಡೆಕ್ಸ್‌ಟ್ರಿನ್. ಅದು ಪಿಷ್ಟವನ್ನು ಸಣ್ಣ ತುಂಡು ಮಾಡಿದ ಪುಡಿ, ಲೇಬಲ್ ಲೆಕ್ಕದಲ್ಲಿ "ಸಕ್ಕರೆ" ಸಾಲಿಗೆ ಬರುದಿಲ್ಲ, ಆದ್ರೆ ಹೊಟ್ಟೆಗೆ ಹೋದ ಕೂಡಲೇ ಗ್ಲೂಕೋಸ್ ಆಗಿ ರಕ್ತದ ಸಕ್ಕರೆ ಏರಿಸ್ತದೆ. ಹಾಗಾಗಿ ಸಕ್ಕರೆ ಕಾಯಿಲೆಯವ್ರು "ಶುಗರ್" ಸಾಲು ನೋಡಿ ಬಿಡ್ಬೇಡಿ, ಒಟ್ಟು ಕಾರ್ಬೋಹೈಡ್ರೇಟ್ ನೋಡಿ. ಬಾಯಿಗೆ ಸಿಹಿ ಬರುದು ಬೇರೆಯದ್ದರಿಂದ, 955 ಸುಕ್ರಲೋಸ್, 950 ಅಸಿಸಲ್ಫೇಮ್ ಪೊಟಾಶಿಯಂ. ಇವು ಅನುಮತಿ ಇರುವ ಸಿಹಿಗಳೇ, ಮಿತಿಯಲ್ಲಿದ್ರೆ ವಿಷ ಅಂತ ನಾನು ಹೇಳುದಿಲ್ಲ, ಆದ್ರೆ ಸಾದಾ ಕ್ರಿಯೇಟಿನ್ನಿಗೆ ರುಚಿಯೇ ಇಲ್ಲ, ಅದಕ್ಕೆ ಸಿಹಿಯ ಅಗತ್ಯವೂ ಇಲ್ಲ.

ಅಮೈನೋ ವಿಷಯಕ್ಕೆ ಬಂದ್ರೆ, ಸ್ನಾಯುವಿಗೆ ಬೇಕಾದ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಇವು ಕಹಿ, ನೀರಲ್ಲಿ ಸರಿಯಾಗಿ ಕರಗುದೂ ಇಲ್ಲ, ಅದಕ್ಕೆ ಸ್ವಲ್ಪ ಸಿಹಿ, ಹುಳಿ ಹಾಕ್ಬೇಕಾಗ್ತದೆ ಅಂತ ಒಪ್ಪುವ. ಆದ್ರೆ ಈ ಡಬ್ಬದ ಪಟ್ಟಿಯಲ್ಲಿ ಟಾರಿನ್, ಗ್ಲೈಸಿನ್ ಮುಂದೆ, ಲ್ಯೂಸಿನ್ ಎಲ್ಲೋ ಹಿಂದೆ. ಗ್ಲೈಸಿನ್ನನ್ನು ದೇಹ ತಾನೇ ಮಾಡಿಕೊಳ್ತದೆ, ಅಗ್ಗ, ಮೇಲಿಂದ ಅದೇ ಸಿಹಿ ಬೇರೆ. "ಅಮೈನೋ" ಅನ್ನುವ ಹೆಸರಲ್ಲಿ ತೂಕ ತುಂಬಿಸ್ಲಿಕ್ಕೆ ಅನುಕೂಲ. ಸ್ನಾಯು ಬೆಳಿಲಿಕ್ಕೆ ಒಂಬತ್ತು ಅಗತ್ಯ ಅಮೈನೋ ಆಮ್ಲವೂ ಬೇಕು, ಅವು ಹಾಲು, ಮೊಸರು, ಬೇಳೆ ಕಾಳು ಅನ್ನ, ತಿನ್ನುವವ್ರಿಗೆ ಮೊಟ್ಟೆ ಬಂಗುಡೆಯಲ್ಲೇ ಸಿಗ್ತವೆ. ದಿನದ ಪ್ರೋಟೀನ್ ಸರಿಯಾಗಿ ಹೋಗ್ತಾ ಇದ್ರೆ ಈ ಪುಡಿಯಿಂದ ಹೆಚ್ಚಿಗೆ ಸಿಗುದು ಕಮ್ಮಿ.

ಆಮೇಲೆ ನಾನು ಸಾದಾ ಕ್ರಿಯೇಟಿನ್ ಮೊನೊಹೈಡ್ರೇಟ್ 250 ಗ್ರಾಂ, ಬಿಲ್ ಸಮೇತ 750 ರೂಪಾಯಿಗೆ ತಂದೆ, ಪದಾರ್ಥಗಳ ಪಟ್ಟಿಯಲ್ಲಿ ಒಂದೇ ಹೆಸರು, ಸರ್ವಿಂಗ್ 3 ಗ್ರಾಂ, ಒಳಗಿರುವ ಕ್ರಿಯೇಟಿನ್ ಮೊನೊಹೈಡ್ರೇಟೂ 3 ಗ್ರಾಂ. ಎರಡು ಗ್ಲಾಸಲ್ಲಿ ತಣ್ಣೀರು ಹಾಕಿ ಎರಡನ್ನೂ ಕದಡಿ ತಮ್ಮನಿಗೆ ತೋರಿಸಿದೆ. ಜಿಮ್ಮಿನ ಪುಡಿ ಕ್ಷಣದಲ್ಲಿ ಕರಗಿ ಗುಲಾಬಿ ಶರಬತ್ತಿನ ಹಾಗಾಯ್ತು. ಸಾದಾ ಕ್ರಿಯೇಟಿನ್ ಬಿಳಿ ಮೋಡ ಕಟ್ಟಿ, ಐದು ನಿಮಿಷ ಬಿಟ್ಟು ನೋಡಿದ್ರೆ ತಳದಲ್ಲಿ ಸಣ್ಣ ರವೆ ಕೂತಿತ್ತು, ಬೆರಳಲ್ಲಿ ಉಜ್ಜಿದ್ರೆ ತರಿತರಿ. ತಣ್ಣೀರಲ್ಲಿ ಅದು ಕರಗುದು ಕಷ್ಟ, ಉಗುರುಬೆಚ್ಚಗಿನ ನೀರಲ್ಲಿ ಬೇಗ ಕರಗ್ತದೆ. ಇದೊಂದೇ ನೋಡಿ ಅಸಲಿ ಅಂತ ತೀರ್ಮಾನ ಮಾಡ್ಬೇಡಿ, ತುಂಬ ನುಣ್ಣಗೆ ಮಾಡಿದ ಕ್ರಿಯೇಟಿನ್ ಚೆನ್ನಾಗಿ ಬೆರಿತದೆ, ಖಚಿತ ಬೇಕಾದ್ರೆ ಲ್ಯಾಬ್ ವರದಿಯೇ ಬೇಕು, ಬ್ಯಾಚ್ ನಂಬರ್ ಹೊಂದುವ ವರದಿ ಕೊಡುವ ಕಂಪೆನಿಗಳು ಇವೆ, ಅಂಥವ್ರ ಹತ್ರ ತೆಗೊಳ್ಳಿ. ಆದ್ರೆ ತಣ್ಣೀರಲ್ಲಿ ಪೂರ್ತಿ ಮಾಯವಾಗಿ ಸಿಹಿ ಬಂದ್ರೆ ಅದ್ರಲ್ಲಿ ಬೇರೆ ಏನೋ ತುಂಬ ಉಂಟು ಅಂತ ಗ್ಯಾರಂಟಿ.

ಸ್ಕೂಪನ್ನೂ ನಂಬ್ಬೇಡಿ ಆಯ್ತಾ, ಒಮ್ಮೆ ತೂಗಿ. ನಮ್ಮ ಮಳೆಗಾಲದ ತೇವಕ್ಕೆ ಇಂಥ ಪುಡಿ ನೀರು ಹೀರಿ ಗಟ್ಟಿಯಾಗ್ತದೆ, ಒತ್ತಿ ತುಂಬಿದ ಸ್ಕೂಪಲ್ಲಿ 10 ಗ್ರಾಮಿನ ಬದಲು 13 ಗ್ರಾಂ ಬಂದದ್ದನ್ನು ನಾನೇ ಅಡುಗೆಮನೆ ತಕ್ಕಡಿಯಲ್ಲಿ ನೋಡಿದೆ.

ಜಿಮ್ಮಿಗೆ ಹೋಗಿ ಕೇಳಿದಾಗ "ಎಲ್ಲ ಲೇಬಲ್ಲಿನಲ್ಲಿ ಬರ್ದೇ ಉಂಟಲ್ಲ" ಅಂದ್ರು. ಬರ್ದದ್ದು ಹೌದು. ಆದ್ರೆ 4 ಸರ್ವಿಂಗ್ ತಗೋ ಅಂತ ಬರ್ದಿಲ್ಲ, ದಿನಕ್ಕೆ ಒಂದೇ ಸರ್ವಿಂಗ್ ಮೀರ್ಬಾರ್ದು ಅಂತ ಬರ್ದಿತ್ತು, ಅದನ್ನು ಅಲ್ಲೇ ಓದಿ ಹೇಳಿದೆ, ಉತ್ತರ ಇಲ್ಲ. ಬಿಲ್ ಇಲ್ಲದ ಕಾರಣ ಹಣವೂ ವಾಪಸ್ ಬರ್ಲಿಲ್ಲ. ಖಾಲಿ ಡಬ್ಬ ಮತ್ತೆ ಫೋಟೋ ಇಟ್ಕೊಂಡಿದ್ದೇನೆ, ಆಹಾರ ಸುರಕ್ಷತೆ ಇಲಾಖೆಗೆ ದೂರು ಬರ್ದಾಗಿದೆ. ನಿಮ್ಮ ಮನೆಯಲ್ಲೂ ಇಂಥ ಡಬ್ಬ ಇದ್ರೆ ಇವತ್ತೇ ತಿರುಗಿಸಿ ನೋಡಿ, 100 ಗ್ರಾಮಿನ ಸಾಲಿನಲ್ಲಿ ಕ್ರಿಯೇಟಿನ್ ಎಷ್ಟು, ಪಟ್ಟಿಯಲ್ಲಿ ಮೊದಲ ಹೆಸರು ಯಾವುದು, 420, 421, 965ರಂಥ ಪಾಲಿಯಾಲ್ ಸಂಖ್ಯೆ ಉಂಟಾ. ಭೇದಿ ಆಗ್ತಾ ಇದ್ರೆ "ಬಾಡಿ ಸೆಟ್" ಆಗ್ಲಿ ಅಂತ ಕಾಯ್ಬೇಡಿ, ಪುಡಿ ನಿಲ್ಲಿಸಿ, ಒಆರ್‌ಎಸ್ ಕುಡಿರಿ, ಎರಡು ದಿನದಲ್ಲಿ ನಿಲ್ಲದಿದ್ರೆ ಅಥವಾ ಮೂತ್ರ ಕಮ್ಮಿ ಆದ್ರೆ ಡಬ್ಬ ಕೈಯಲ್ಲಿ ಹಿಡ್ಕೊಂಡೇ ಡಾಕ್ಟ್ರ ಹತ್ರ ಹೋಗಿ.